ಎಕ್ಸ್‌ರೇ ನಾರ್ಮಲ್, ಬಾವು ಇಳಿದಿದೆ: ಕಬಡ್ಡಿ ಆಡಬಹುದಾ?

ಪ್ರಶ್ನೆ: "ರೇಡ್ ಮಾಡಿ ತಿರುಗುವಾಗ ಮೊಣಕಾಲು ಲಟಕ್ ಅಂತು, ಒಂದು ತಾಸಿನಲ್ಲೇ ಬಾತುಕೊಂಡಿತು. ಎಕ್ಸ್‌ರೇ ನಾರ್ಮಲ್ ಇದೆ, ಈಗ ಬಾವೂ ಇಳಿದಿದೆ. ಎಂಆರ್‌ಐ ಮಾಡಿಸಲೇಬೇಕಾ, ಇಲ್ಲಾ ನೀ ಕ್ಯಾಪ್ ಹಾಕ್ಕೊಂಡು ಮುಂದಿನ ತಿಂಗಳ ಟೂರ್ನಮೆಂಟ್ ಆಡಬಹುದಾ?"

ನಂದೂ ಕಬಡ್ಡಿನೇ. ಜಮಖಂಡಿ ಕಡೆ ಒಂದು ಜಾತ್ರೆ ಪಂದ್ಯ. ಬೋನಸ್ ಗೆರೆಯಿಂದ ಮಧ್ಯಗೆರೆ ಕಡೆ ತಿರುಗಿದೆ. ಪಾದ ಮಣ್ಣಲ್ಲೇ ಊರಿತ್ತು, ಮೈ ಮಾತ್ರ ತಿರುಗಿತು. ಯಾರೂ ಮುಟ್ಟಿರಲಿಲ್ಲ, ಅಂಪೈರ್ ಸೀಟಿಯೂ ಊದಿರಲಿಲ್ಲ. ಚಹಾ ಕುಡಿದು ಮುಗಿಸೋದರೊಳಗೆ ಮೊಣಕಾಲ ಚಿಪ್ಪಿನ ಎರಡೂ ಬದಿಯ ತಗ್ಗು ತುಂಬಿಕೊಂಡು, ಚಿಪ್ಪು ಎಲ್ಲಿದೆ ಅಂತಲೇ ತಿಳಿಯದಂತಾಯಿತು.

ಆ ಅವಸರದ ಬಾವೇ ದೊಡ್ಡ ಸುಳಿವು. ಮೊಣಕಾಲ ನಡುವೆ ತೊಡೆ ಎಲುಬನ್ನೂ ಕೆಳಗಿನ ಎಲುಬನ್ನೂ ಹಗ್ಗದಂಗೆ ಹಿಡಿದಿಡೋ ಎಸಿಎಲ್ ಲಿಗಮೆಂಟ್‌ಗೆ ರಕ್ತನಾಳಗಳಿವೆ. ಅದು ಹರಿದರೆ ಕೀಲಿನೊಳಗೆ ರಕ್ತ ತುಂಬುತ್ತೆ, ಒಂದೆರಡು ತಾಸಿನಲ್ಲೇ ಬಾತುಕೊಳ್ಳುತ್ತೆ. ಆ ಎರಡು ಎಲುಬಿನ ನಡುವೆ ಮೆತ್ತೆಯಂಗಿರೋ ಮೆನಿಸ್ಕಸ್ ಒಂದೇ ಹರಿದಿದ್ದರೆ ಬಾವು ಸಾಮಾನ್ಯವಾಗಿ ನಿಧಾನ, ರಾತ್ರಿ ಕಳೆದು ಬೆಳಿಗ್ಗೆ ಕಾಣುತ್ತೆ. ಚಿಪ್ಪು ಸರಿದು ವಾಪಸ್ ಕೂತಿದ್ದರೂ, ಎಲುಬು ಬಿರುಕು ಬಿಟ್ಟಿದ್ದರೂ ಬೇಗ ಬಾಯುತ್ತೆ, ಅದಕ್ಕೇ ಎಕ್ಸ್‌ರೇ ತೆಗೆಸೋದು. ಆದರೆ ಎಕ್ಸ್‌ರೇ ತೋರಿಸೋದು ಎಲುಬು, ಲಿಗಮೆಂಟ್ ಅಲ್ಲ. ನಿಮ್ಮ "ನಾರ್ಮಲ್"ಗೆ ಎಲುಬು ಮುರಿದಿರೋದು ಕಂಡಿಲ್ಲ ಅನ್ನೋದಷ್ಟೇ ಅರ್ಥ.

ನನ್ನನ್ನು ಹಾಳು ಮಾಡಿದ್ದು ಮುಂದಿನ ಹೆಜ್ಜೆ. ಅವತ್ತು ನೋಡಿದ ಡಾಕ್ಟರು ಕಾಲು ಜಗ್ಗಲು ಹೋದರು, ನಾನು ಚೀರಿದೆ. "ಈಗ ನೋವಿಗೆ ತೊಡೆ ಬಿಗಿ ಹಿಡದೀರಿ, ಏನೂ ಗೊತ್ತಾಗಂಗಿಲ್ಲ. ಹತ್ತು ದಿನ ಬಿಟ್ಟು ಬಾವು ಇಳಿದ ಮ್ಯಾಲ ಬರ್ರಿ" ಅಂದರು. ಬಾವು ಇಳೀತು. ಇಳಿದ ಮೇಲೆ ಯಾಕೆ ಹೋಗಬೇಕು ಅಂತ ನಾನು ಹೋಗಲೇ ಇಲ್ಲ! ಸೀದಾ ನಡೀತಿದ್ದೆ, ಮೆಟ್ಟಿಲು ಹತ್ತುತ್ತಿದ್ದೆ, ಗಾಡಿ ಹೊಡೀತಿದ್ದೆ. ಎಸಿಎಲ್ ಹರಿದವರಲ್ಲಿ ಬಹಳ ಜನ ಸೀದಾ ನಡೆಯಬಲ್ಲರು, ಓಡಲೂಬಲ್ಲರು. ಅದರ ಕೊರತೆ ತಿಳಿಯೋದು ಕಾಲೂರಿ ತಿರುಗಿದಾಗ. ಬಾವು ಇಳಿದಿದ್ದು ಅಂದರೆ ಒಳಗಿನ ರಕ್ತ ಹೀರಿಕೊಂಡಿದ್ದು, ಹರಿದದ್ದು ಕೂಡಿದ್ದಲ್ಲ. ಇದು ನನ್ನ ತಲೆಗೆ ಹೋಗಿರಲಿಲ್ಲ. ಮುಂದಿನ ಜಾತ್ರೆಗೆ ನೀ ಕ್ಯಾಪ್ ಏರಿಸಿಕೊಂಡು ಅಂಗಳಕ್ಕಿಳಿದೆ, ಅದೇ ತಿರುವು, ಮತ್ತೆ ಕಾಲು ಕೈಕೊಟ್ಟಿತು. ಈ ಸಲ ಕಾಲು ಪೂರ್ತಿ ನೀಟಾಗಲೇ ಇಲ್ಲ. ಒಳಬದಿಯ ಮೆನಿಸ್ಕಸ್ ಹರಿದು, ಅದರ ತುಂಡು ಕೀಲಿನ ನಡುವೆ ಸಿಕ್ಕಿಹಾಕಿಕೊಂಡಿತ್ತು. ಮೊದಲು ಹೋಗಿದ್ದು ಲಿಗಮೆಂಟ್ ಮಾತ್ರ. ಎರಡನೆಯದು ನಾನೇ ಹಣ ಕೊಟ್ಟು ತಂದುಕೊಂಡಂಗಾಯ್ತು.

ಹಾಗಾಗಿ ಎಂಆರ್‌ಐನೋ ನೀ ಕ್ಯಾಪೋ ಅನ್ನೋ ನಿಮ್ಮ ಲೆಕ್ಕವೇ ನನಗೆ ಒಪ್ಪಿಗೆ ಇಲ್ಲ. ಮೊದಲು ಆಗಬೇಕಾದ್ದು ಕೈಪರೀಕ್ಷೆ, ಅದೂ ಬಾವು ಇಳಿದಿರೋ ಈಗಲೇ. ಲ್ಯಾಕ್‌ಮನ್ ಟೆಸ್ಟ್ ಅಂತಾರೆ. ಅಂಗಾತ ಮಲಗಿಸಿ ಮೊಣಕಾಲನ್ನು 20-30 ಡಿಗ್ರಿಯಷ್ಟು ಮಡಿಸ್ತಾರೆ, ಒಂದು ಕೈಯಲ್ಲಿ ತೊಡೆ ಅಲುಗದಂತೆ ಹಿಡಿದು ಇನ್ನೊಂದರಿಂದ ಮೊಣಕಾಲ ಕೆಳಗಿನ ಎಲುಬನ್ನು ಮುಂದಕ್ಕೆ ಎಳೀತಾರೆ. ಲಿಗಮೆಂಟ್ ಗಟ್ಟಿ ಇದ್ದರೆ, ಗೂಟಕ್ಕೆ ಕಟ್ಟಿದ ಎತ್ತು ಹಗ್ಗ ಮುಗಿದಾಗ ನಿಂತಂಗೆ, ಎಲುಬು ಟಕ್ ಅಂತ ನಿಲ್ಲುತ್ತೆ. ಹರಿದಿದ್ದರೆ ಆ ನಿಲುಗಡೆಯೇ ಇಲ್ಲ, ಮೆತ್ತಗೆ ಇನ್ನೂ ಮುಂದೆ ಜಾರುತ್ತೆ. ಒಳ್ಳೆ ಕಾಲನ್ನೂ ಹೀಗೇ ಎಳೆದು ಹೋಲಿಸಬೇಕು, ಯಾಕಂದ್ರೆ ಹುಟ್ಟಾ ಸಡಿಲ ಮೊಣಕಾಲಿನವರೂ ಇರ್ತಾರೆ. ನೀವು ತೊಡೆಯ ಹಿಂಭಾಗ ಬಿಗಿ ಹಿಡಿದರೆ ಹರಿದ ಕಾಲೂ ಗಟ್ಟಿ ಅನ್ನಿಸಬಹುದು. ಅದಕ್ಕೇ ತಲೆ ಎತ್ತಿ ನೋಡಬೇಡಿ, ಮೈ ಬಿಟ್ಟು ಮಲಗಿ.

ಹೋಗಬೇಕಾದ್ದು ಎಲುಬು-ಕೀಲು ಡಾಕ್ಟರ ಹತ್ತಿರ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಕಡೆ ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳಿವೆ. ಎಣ್ಣೆ ಹಚ್ಚಿ ನೀವೋವ್ರ ಹತ್ತಿರ ಹೋಗಬೇಡಿ, ಅವರ ಮೇಲೆ ಎಷ್ಟೇ ನಂಬಿಕೆ ಇದ್ದರೂ. ಪರೀಕ್ಷೆಯಲ್ಲಿ ಕಾಲು ಜಾರಿದರೆ, ಅಥವಾ ಅವರಿಗೇ ಅನುಮಾನ ಉಳಿದರೆ, ಎಂಆರ್‌ಐ ಮಾಡಿಸಿ. ಮೆನಿಸ್ಕಸ್ ಸ್ಥಿತಿ ಚೆನ್ನಾಗಿ ಕಾಣೋದು ಅದರಲ್ಲೇ, ಆಪರೇಷನ್ ಬೇಕಾ, ಬರೀ ವ್ಯಾಯಾಮ ಸಾಕಾ ಅನ್ನೋ ಮಾತಿಗೆ ಅದು ಬೇಕು. ಎಸಿಎಲ್ ಹರಿದವರೆಲ್ಲರಿಗೂ ಆಪರೇಷನ್ ಬೇಕಾಗಲ್ಲ, ಆದರೆ ತಿರುಗೋ ಆಟಕ್ಕೇ ವಾಪಸ್ ಹೋಗ್ತೀನಿ ಅನ್ನೋರಿಗೆ ಹೆಚ್ಚಾಗಿ ಹೇಳೋದು ಅದನ್ನೇ.

ಕಾಲು ಅರ್ಧಕ್ಕೇ ಲಾಕ್ ಆಗಿ ನೀಟಾಗದಿದ್ದರೆ ಹತ್ತು ದಿನ ಕಾಯಬೇಡಿ. ಇನ್ನು ಹೊಸದಾಗಿ ಪೆಟ್ಟು ಬಿದ್ದು ಪಾದ ತಣ್ಣಗಾದರೆ, ಜೋಮು ಹಿಡಿದರೆ ಅದೇ ಗಳಿಗೆ ಎಮರ್ಜೆನ್ಸಿಗೆ ಓಡಿ. ಮೊಣಕಾಲ ಹಿಂದಿನ ರಕ್ತನಾಳಕ್ಕೆ ಏಟಾಗಿರಬಹುದು.

ನೀ ಕ್ಯಾಪ್ ಬಟ್ಟೆಯದು, ಎಲುಬು ತಿರುಚೋದನ್ನು ಅದು ತಡೆಯಲ್ಲ. ಮುಂದಿನ ತಿಂಗಳ ಟೂರ್ನಮೆಂಟ್‌ಗೆ ಹೆಸರು ಕೊಟ್ಟಿದ್ದರೆ ಇವತ್ತೇ ಕ್ಯಾಪ್ಟನ್‌ಗೆ ಫೋನ್ ಹಚ್ಚಿ, ಬೇರೆ ರೇಡರ್ ನೋಡಿಕೊಳ್ಳಲಿ.