ಹೃದಯದ ಚಿತ್ರ ತಿದ್ದುವಾಗ ಪುಸ್ತಕವನ್ನು ಮುಚ್ಚಿಡಿ

ಪ್ರಶ್ನೆ: ಶಾಲೆಗಾಗಿ ಹೃದಯದ ಚಿತ್ರವನ್ನು ಕೈಯಿಂದಲೇ ಬರೆದು ಭಾಗಗಳನ್ನು ಗುರುತಿಸಿದ್ದೇನೆ. ಹೆಸರುಗಳು ಅದಲುಬದಲಾಗಿವೆಯೇ ಎಂದು ಪುಸ್ತಕದ ಪಕ್ಕದಲ್ಲಿಟ್ಟು ಒಂದೊಂದಾಗಿ ನೋಡುತ್ತಿದ್ದೇನೆ. ಇದಕ್ಕಿಂತ ಒಳ್ಳೆಯ ವಿಧಾನ ಇದೆಯೇ?

ನಾನೂ ಹೀಗೆಯೇ ನೋಡಿ ಕೈಯಿಂದ ದುಡ್ಡು ಕಳೆದುಕೊಂಡವನು. ಸಿಂಧನೂರಿನ ಹತ್ತಿರದ ಹಳ್ಳಿಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದಾಗ, ತರಗತಿಯ ಗೋಡೆಯ ಮೇಲೆ ಹೃದಯದ ನೀಳಛೇದದ ಚಿತ್ರ ಬರೆಸಿದೆ. ಅಂಗಡಿಗಳ ಫಲಕ ಬರೆಯುವ ಪೇಂಟರ್ ಒಬ್ಬರು ಪುಸ್ತಕ ನೋಡಿ ಚಿತ್ರವನ್ನು ಚೆನ್ನಾಗಿಯೇ ಇಳಿಸಿದರು, ಬಣ್ಣವನ್ನೂ ಸರಿಯಾಗಿ ತುಂಬಿದರು. ಬಲಬದಿಗೆ ಬರೆಯಬೇಕಾದ ಹೆಸರುಗಳನ್ನು ನಾನು ಚೀಟಿಯಲ್ಲಿ ಸಾಲಾಗಿ ಬರೆದುಕೊಟ್ಟಿದ್ದೆ. ಎಡವಟ್ಟಾದದ್ದು ಆ ಚೀಟಿಯಲ್ಲಿ. ಮೊದಲು ಪುಪ್ಪುಸಕ ಅಪಧಮನಿ, ಅದರ ಕೆಳಗೆ ಮಹಾಪಧಮನಿ ಎಂದು ಬರೆದಿದ್ದೆ. ಆದರೆ ಚಿತ್ರದಲ್ಲಿ ಮಹಾಪಧಮನಿಯ ಕಮಾನು ಮೇಲಿರುತ್ತದೆ, ಪುಪ್ಪುಸಕ ಅಪಧಮನಿ ಅದರ ಅಡಿಯಲ್ಲಿ ಕವಲೊಡೆಯುತ್ತದೆ. ಹಾಗಾಗಿ ಎರಡು ಗೆರೆಗಳು ಒಂದನ್ನೊಂದು ಕತ್ತರಿಸಬೇಕಾಯಿತು. ಪೇಂಟರ್ ಕಣ್ಣಿಗೆ ಅದು ಅಂದಗೆಟ್ಟಂತೆ ಕಂಡಿತು. ಎರಡನ್ನೂ ನೇರವಾಗಿ ಎಳೆದುಬಿಟ್ಟರು. ಹೆಸರು ಅದಲುಬದಲು!

ನಾನು ಪುಸ್ತಕ ಹಿಡಿದು ನಿಂತು ಪರೀಕ್ಷಿಸಿದೆ. ಮಹಾಪಧಮನಿ ಇದೆಯೇ? ಇದೆ. ಪುಪ್ಪುಸಕ ಅಪಧಮನಿ? ಇದೆ. ಕಾಗುಣಿತವನ್ನೂ ನೋಡಿದೆ. ಗೆರೆಯ ತುದಿ ಎಲ್ಲಿ ಮುಟ್ಟಿದೆ ಎಂಬುದನ್ನು ಮಾತ್ರ ನೋಡಲಿಲ್ಲ. ಪುಸ್ತಕದ ಪಕ್ಕದಲ್ಲಿಟ್ಟು ನೋಡುವಾಗ ಕಣ್ಣು ಹೆಸರಿನಿಂದ ಹೆಸರಿಗೆ ಹಾರುತ್ತದೆ, ಗೆರೆಯ ಗುಂಟ ಚಿತ್ರದೊಳಕ್ಕೆ ಇಳಿಯುವುದಿಲ್ಲ. ಮಕ್ಕಳು ನೋಟುಬುಕ್ಕಿಗೆ ಇಳಿಸಿಕೊಂಡ ಮೇಲೆ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಸರ್, ಮಹಾಪಧಮನಿಗೆ ನೀಲಿ ಬಣ್ಣ ಏಕೆ?" ಆಯಿಲ್ ಪೇಂಟ್ ಕೆರೆದು ಮತ್ತೆ ಬರೆಸುವ ಖರ್ಚು ನನ್ನ ಜೇಬಿನದು.

ಆದ್ದರಿಂದ ಪುಸ್ತಕವನ್ನು ಮುಚ್ಚಿಡಿ. ಹೆಸರುಗಳ ಮೇಲೆ ಕಾಗದದ ಪಟ್ಟಿ ಅಂಟಿಸಿ, ಗೆರೆಗಳು ಮಾತ್ರ ಕಾಣಲಿ. ಕಾಲುವೆಯ ನೀರುಗಂಟಿ ನೀರಿನ ಹಿಂದೆಯೇ ನಡೆಯುವಂತೆ ನೀವು ರಕ್ತದ ಹಿಂದೆ ನಡೆಯಿರಿ. ಮಹಾ ಅಭಿಧಮನಿಗಳಿಂದ ಬಲ ಹೃತ್ಕರ್ಣ, ಮೂರು ಎಸಳಿನ ಕವಾಟ ದಾಟಿ ಬಲ ಹೃತ್ಕುಕ್ಷಿ, ಅಲ್ಲಿಂದ ಪುಪ್ಪುಸಕ ಅಪಧಮನಿಯ ಮೂಲಕ ಶ್ವಾಸಕೋಶ. ಮರಳುವಾಗ ಪುಪ್ಪುಸಕ ಅಭಿಧಮನಿಗಳು, ಎಡ ಹೃತ್ಕರ್ಣ, ಎರಡು ಎಸಳಿನ ಕವಾಟ, ಎಡ ಹೃತ್ಕುಕ್ಷಿ, ಕೊನೆಗೆ ಮಹಾಪಧಮನಿ. ಗೆರೆಯ ತುದಿಯಿರುವ ಪ್ರತಿ ಜಾಗದಲ್ಲಿ ಪೆನ್ಸಿಲ್ ಇಟ್ಟು, ಅದು ಯಾವ ಭಾಗವೆಂದು ಬಾಯಿಬಿಟ್ಟು ಹೇಳಿ, ಆಮೇಲೆ ಪಟ್ಟಿ ತೆಗೆಯಿರಿ.

ಹೊರಡುವ ಮೊದಲು ಎಡ ಯಾವುದು, ಬಲ ಯಾವುದು ಎಂದು ತೀರ್ಮಾನವಾಗಬೇಕು. ಹೃದಯದ ಎಡಭಾಗ ನೋಡುವವರ ಬಲಕ್ಕೆ ಬರುತ್ತದೆ. ಇದಕ್ಕೆ ಗೋಡೆಯ ದಪ್ಪವೇ ಸಾಕ್ಷಿ: ಇಡೀ ದೇಹಕ್ಕೆ ರಕ್ತ ತಳ್ಳುವ ಎಡ ಹೃತ್ಕುಕ್ಷಿಯ ಗೋಡೆ ಬಲದ್ದಕ್ಕಿಂತ ಸುಮಾರು ಮೂರು ಪಟ್ಟು ದಪ್ಪ. ನಿಮ್ಮ ಚಿತ್ರದಲ್ಲಿ ಎರಡೂ ಸಮನಾಗಿದ್ದರೆ ಮೊದಲು ಚಿತ್ರವನ್ನೇ ತಿದ್ದಿ.

ಮೇಲಿನ ಕೊಳವೆಗಳನ್ನು ತುದಿಯಿಂದ ಗುರುತಿಸಲು ಹೋಗಬೇಡಿ, ಬುಡಕ್ಕೆ ಇಳಿಯಿರಿ. ಬಲ ಹೃತ್ಕುಕ್ಷಿಯಿಂದ ಹುಟ್ಟಿ, ಮಹಾಪಧಮನಿಯ ಮುಂದಿನಿಂದ ಹಾದು, ಕಮಾನಿನ ಕೆಳಗೆ ಎರಡಾಗಿ ಸೀಳುವುದು ಪುಪ್ಪುಸಕ ಅಪಧಮನಿ. ಎಡ ಹೃತ್ಕುಕ್ಷಿಯಿಂದ ಎದ್ದು ಬಾಗಿ, ನೆತ್ತಿಯಿಂದ ಮೂರು ಕವಲು ಕಳಿಸುವುದು ಮಹಾಪಧಮನಿ. ಬಣ್ಣವಿದ್ದರೆ ಅದನ್ನೂ ಸಾಕ್ಷಿಗೆ ಕರೆಯಬಹುದು, ಆದರೆ ಅಪಧಮನಿಗಳೆಲ್ಲ ಕೆಂಪು ಎಂದುಕೊಂಡು ತುಂಬಿದ ಬಣ್ಣವನ್ನು ನಂಬಬೇಡಿ. ಪುಪ್ಪುಸಕ ಅಪಧಮನಿಯಲ್ಲಿ ಹರಿಯುವುದು ಆಮ್ಲಜನಕ ಕಡಿಮೆಯಿರುವ ರಕ್ತ, ಅದಕ್ಕೆ ನೀಲಿ. ಪುಪ್ಪುಸಕ ಅಭಿಧಮನಿಗಳಿಗೆ ಕೆಂಪು. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ನಾನು ಅತಿ ಹೆಚ್ಚು ಕಂಡಿರುವ ಎಡವಟ್ಟೂ ಇದೇ.

ರಕ್ತದ ದಾರಿ ಹಿಡಿದರೂ ಸಿಗದ ತಪ್ಪುಗಳಿವೆ. ಮೇಲಿನ ಮತ್ತು ಕೆಳಗಿನ ಮಹಾ ಅಭಿಧಮನಿಗಳೆರಡೂ ಬಲ ಹೃತ್ಕರ್ಣಕ್ಕೇ ಬರುವುದರಿಂದ, ಅವುಗಳ ಹೆಸರು ಬದಲಾದರೂ ಹರಿವು ಸರಿಯಾಗಿಯೇ ಕಾಣುತ್ತದೆ. ಅಲ್ಲಿ ದಿಕ್ಕನ್ನು ನೋಡಿ. ನಡುವಿನ ವಿಭಾಜಕ ಗೋಡೆಯಲ್ಲಿ ರಕ್ತ ಹಾಯುವುದೇ ಇಲ್ಲ, ಅದರ ಗೆರೆ ಗೋಡೆಯ ದಪ್ಪದೊಳಗೆ ನಿಂತಿರಬೇಕು. ಒಂದಿಷ್ಟು ಮುಂದೆ ಹೋದರೂ ಅದು ಹೃತ್ಕುಕ್ಷಿಯ ಗೆರೆಯಾಗುತ್ತದೆ. ಕವಾಟದ ಗೆರೆ ಎಸಳನ್ನೇ ಮುಟ್ಟಬೇಕು, ಅದರ ಕೆಳಗಿನ ಖಾಲಿ ಜಾಗವನ್ನಲ್ಲ.

ಹೆಸರು ಅದಲುಬದಲಾಗಿದ್ದರೆ ಗೆರೆಗಳನ್ನು ಅಡ್ಡಡ್ಡ ಎಳೆದು ಸರಿಪಡಿಸಬೇಡಿ. ತುದಿಗಳು ಮೇಲಿನಿಂದ ಕೆಳಕ್ಕೆ ಯಾವ ಕ್ರಮದಲ್ಲಿವೆಯೋ ಅದೇ ಕ್ರಮದಲ್ಲಿ ಹೆಸರುಗಳನ್ನು ಮತ್ತೆ ಬರೆಯಿರಿ. ಬೇರೆಯವರಿಂದ ಬರೆಸುವುದಾದರೆ ಚೀಟಿ ಕೊಡಬೇಡಿ, ಗೆರೆ ಎಳೆದ ಕರಡು ಚಿತ್ರವನ್ನೇ ಕೊಡಿ.