ಎಕ್ಸ್-ರೇಗಿಂತ ಮೊದಲ ಸೂಜಿ ಯಾಕ?

"ಮುಧೋಳ ಹತ್ರ ಕಬ್ಬಿನ ಟ್ರ್ಯಾಕ್ಟರ್ ಮ್ಯಾಲಿಂದ ನಮ್ಮ ಕಾಕಾ ಬಿದ್ದ. ಎಕ್ಸ್-ರೇ ತಗೀದನ ಡಾಕ್ಟರ್ ಎದಿಗೆ ಸೂಜಿ ಚುಚ್ಚಿದ್ರು. ಅವಸರ ಮಾಡಿದ್ರೇನ್ರಿ?"

ಇಲ್ರಿ, ಕಾಯ್ದಿದ್ರ ಜೀವಕ್ಕ ಅಪಾಯ ಇತ್ತು. ಬಾಗಲಕೋಟೆಯೊಳಗ ಕ್ಯಾಶುವಾಲ್ಟಿ ಡ್ಯೂಟಿ ಮಾಡ್ತೀನಿ, ಅದಕ್ಕ ಬಿಡಿಸಿ ಹೇಳ್ತೀನಿ.

ಬಾವಿ ಪೈಪಿನ ಫುಟ್ ವಾಲ್ವ್ ನೋಡೀರಲ್ಲ, ನೀರನ್ನ ಮ್ಯಾಲ ಬಿಡ್ತದ, ತಿರುಗಿ ಇಳಿಯಾಕ ಬಿಡಂಗಿಲ್ಲ. ಮುರಿದ ಪಕ್ಕೆಲುಬು ಪುಪ್ಪುಸ ಹರಿದಾಗ ಅಲ್ಲೊಂದು ಪದರು ಹಂಗ ಆಗಬಹುದು. ಉಸಿರು ಎಳಕೊಂಡಾಗ ಪದರು ತೆರೀತದ, ಗಾಳಿ ಪುಪ್ಪುಸದ ಹೊರಗಿನ ಸಂದಿಗೆ ನುಗ್ತದ. ಉಸಿರು ಬಿಟ್ಟಾಗ ಮುಚ್ಚತದ. ಉಸಿರಿಗೊಮ್ಮೆ ಒತ್ತಡ ಏರ್ತದ. ಮೊದಲು ಆ ಕಡಿ ಪುಪ್ಪುಸ ಮುದುಡ್ತದ, ಆಮ್ಯಾಲ ಹೃದಯ ಇನ್ನೊಂದು ಕಡಿ ಸರೀತದ. ಹೃದಯಕ್ಕ ರಕ್ತ ತರೋ ದೊಡ್ಡ ಅಭಿಧಮನಿಗಳ ಗೋಡಿ ತೆಳು. ಒತ್ತಡಕ್ಕ ಅಮುಕಿ ಹೋಗ್ತಾವ. ಹೃದಯಕ್ಕ ರಕ್ತನ ಬರದಿದ್ರ ಏನ ಪಂಪ್ ಮಾಡೀತು? ಬಿ.ಪಿ. ಕುಸೀತದ.

ಬಿ.ಪಿ. ಬಿದ್ದದ, ಉಸಿರಾಟ ಕಷ್ಟ ಆಗೇದ, ಒಂದು ಕಡಿ ಎದಿ ಉಬ್ಬಿ ನಿಂತದ, ಸ್ಟೆತಸ್ಕೋಪ್ ಇಟ್ರ ಅಲ್ಲಿ ಸಪ್ಪಳಿಲ್ಲ, ಬೆರಳಿಂದ ಬಡಿದ್ರ ಖಾಲಿ ಡಬ್ಬಿ ಹಂಗ ದನಿ. ಸೂಜಿ ಹಾಕಾಕ ಇಷ್ಟು ಸಾಕು, ಎಕ್ಸ್-ರೇಗೆ ಕಾಯಂಗಿಲ್ಲ. ಕುತ್ತಿಗಿ ನರ ಉಬ್ಬೋದು ಭಾಳ ಮಂದಿಗೆ ಗೊತ್ತು, ಆದ್ರ ರಕ್ತ ಸೋರಿದವರೊಳಗ ಅದು ಕಾಣದೇ ಇರಬಹುದು. ಶ್ವಾಸನಾಳ ಸರಿಯೋದು ಕಾಣೋದು ತಡವಾಗಿ.

ದೊಡ್ಡವರಿಗೆ ಕಂಕುಳ ಕೆಳಗ, 4ನೇ ಇಲ್ಲಾ 5ನೇ ಪಕ್ಕೆಲುಬಿನ ಸಂದಿಗೆ ಸೂಜಿ ಹಾಕ್ತಾರ. ಭುಸ್ ಅಂತ ಗಾಳಿ ಬಂತಂದ್ರ ನಾಡಿ ಕೈಯಾಗ ತಿರುಗಿ ಸಿಗ್ತದ. ಸೂಜಿ ಮಡಚಿ ಕಟ್ಟಿಕೊಳ್ಳಬಹುದು, ಅದಕ್ಕ ಕೂಡಲೇ ದಪ್ಪ ನಳಿಗಿ ಹಾಕಿ ನೀರಿನ ಬಾಟಲಿಗೆ ಜೋಡಿಸ್ತಾರ. ಕಾಕಾರ ಮಂಚದ ಕೆಳಗಿನ ಬಾಟಲಿ ಅದೇ ರೀ. ಅದನ್ನ ಎದಿ ಮಟ್ಟಕ್ಕ ಎತ್ತಬ್ಯಾಡ್ರಿ.