"ಜಾಸ್ತಿ ಅನ್ನಿಸಿದರೆ ಹೇಳಿ ಸರ್"

ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ರೇಟಿನ ಮೇಲ್ ಬರೆಯಲು ನನ್ನ ಸಹಾಯ ಕೇಳಿ ಬಂದ ಆಕೆಗೆ 29 ವರ್ಷ. ಕಂಪನಿ ಕೆಲಸ ಬಿಟ್ಟು ಮನೆಯಿಂದಲೇ ವೆಬ್‌ಸೈಟ್ ಮಾಡಿಕೊಡುತ್ತಾರೆ. ಚಿಕ್ಕಮಗಳೂರು ಕಡೆಯ ಹೋಮ್‌ಸ್ಟೇ ಮಾಲೀಕರೊಬ್ಬರು ಫೋನಿನಲ್ಲಿ ವಿಚಾರಿಸಿ, "ರೇಟು ಮೇಲ್ ಮಾಡಿ" ಅಂದಿದ್ದರು. ಆಕೆ ಮೇಲ್ ಬರೆದು ಮೂರು ದಿನ ಆದರೂ ಕಳಿಸಿರಲಿಲ್ಲ. "ದುಡ್ಡಿನ ಸಾಲಿಗೆ ಬಂದಾಗ ಕೈ ಓಡಲ್ಲ ಮೇಡಂ" ಎಂದರು.

ಅವರು ಬರೆದದ್ದು ಹೀಗಿತ್ತು: "ನಿಮಗೆ ಬೇಕಾದ ಹಾಗೆ ಪೂರ್ತಿ ವೆಬ್‌ಸೈಟ್ ಮಾಡಿಕೊಡುತ್ತೇನೆ. ಸುಮಾರು 35-40 ಸಾವಿರ ಆಗಬಹುದು. ಜಾಸ್ತಿ ಅನ್ನಿಸಿದರೆ ಹೇಳಿ ಸರ್, ಕಡಿಮೆ ಮಾಡೋಣ. ಆದಷ್ಟು ಬೇಗ ಮುಗಿಸುತ್ತೇನೆ."

ಹಿಂದಿನ ಕೆಲಸ ಹೇಗಾಯಿತು ಎಂದು ಕೇಳಿದೆ. 25 ಸಾವಿರಕ್ಕೆ ಒಪ್ಪಿದ್ದು. ಆ ಗಿರಾಕಿ ಹನ್ನೊಂದು ಸಲ ತಿದ್ದಿಸಿ, ನಾಲ್ಕು ತಿಂಗಳು ಎಳೆದಿದ್ದರು. ಆಗ ನನಗೆ ವಿಷಯ ಹೊಳೆಯಿತು. ಆ ದುಡ್ಡಿಗೆ ಎಷ್ಟು ಕೆಲಸ ಅಂತ ಆಕೆಗೇ ಗೊತ್ತಿರಲಿಲ್ಲ. ಗೊತ್ತಿಲ್ಲದ ಕೆಲಸಕ್ಕೆ ಗಟ್ಟಿಯಾಗಿ ರೇಟು ಹೇಳುವುದು ಹೇಗೆ, ಅಲ್ವಾ?

ಹಾಗಾಗಿ ಮೇಲ್ ಪಕ್ಕಕ್ಕಿಟ್ಟು ಪೇಪರು ತೆಗೆದೆವು. ಐದು ಪುಟ: ಮುಖಪುಟ, ಕೋಣೆಗಳು, ಫೋಟೋಗಳು, ಸುತ್ತಮುತ್ತಲ ಜಾಗಗಳು, ಸಂಪರ್ಕ. ಮಾಡಲು 50 ಗಂಟೆ, ಮಾತುಕತೆಗೂ ತಿದ್ದುಪಡಿಗೂ 10. ಗಂಟೆಗೆ 650 ರೂಪಾಯಿಯಂತೆ 39,000. ಈ ಲೆಕ್ಕ ಕಣ್ಣೆದುರು ಬಂದಮೇಲೆ "ಸುಮಾರು" ಎಂಬ ಪದವನ್ನು ಆಕೆಯೇ ಹೊಡೆದುಹಾಕಿದರು.

ಹೊಸ ಮೇಲ್:

"ನಮಸ್ಕಾರ ಸರ್. ಮಳೆಗಾಲ ಮುಗಿಯುವ ಮೊದಲು ವೆಬ್‌ಸೈಟ್ ಬೇಕು ಎಂದಿದ್ದಿರಿ. ಐದು ಪುಟದ ವೆಬ್‌ಸೈಟ್ ಮಾಡಿಕೊಡುತ್ತೇನೆ, ಮೊಬೈಲಿನಲ್ಲೂ ಸರಿಯಾಗಿ ಕಾಣುತ್ತದೆ. ಎರಡು ಸುತ್ತು ತಿದ್ದುಪಡಿ ಇದರಲ್ಲೇ ಸೇರಿದೆ. ಫೋಟೋ ತೆಗೆಯುವುದು, ಡೊಮೇನ್ ಮತ್ತು ಹೋಸ್ಟಿಂಗ್ ಖರ್ಚು ಸೇರಿಲ್ಲ. ಒಟ್ಟು 39,000 ರೂ. ಅರ್ಧ ಮುಂಗಡ, ಉಳಿದದ್ದು ಸೈಟ್ ಶುರುವಾಗುವ ಮುಂಚೆ. ಮುಂಗಡ, ಫೋಟೋ ಮತ್ತು ಬರಹ ಕೈಸೇರಿದ ದಿನದಿಂದ 21 ದಿನದಲ್ಲಿ ಮುಗಿಯುತ್ತದೆ. ಈ ದರ 15 ದಿನ ಇರುತ್ತದೆ. ಒಪ್ಪಿಗೆಯಾದರೆ ಇದಕ್ಕೇ ಉತ್ತರಿಸಿ, ಬಿಲ್ ಕಳಿಸುತ್ತೇನೆ."

"ಇಷ್ಟು ಖಡಕ್ಕಾಗಿ ಬರೆದರೆ ಬೇಜಾರು ಮಾಡ್ಕೊಳ್ಳಲ್ವಾ?" ಎಂದು ಕೇಳಿದರು. ಜೋರಾಗಿ ಓದಿ ನೋಡಿ ಎಂದೆ. ಓದಿದರು. ಒರಟು ಮಾತು ಒಂದೂ ಸಿಗಲಿಲ್ಲ.

21 ದಿನದ ಸಾಲನ್ನು ಮಾತ್ರ ಬಿಡಲೇಬೇಡಿ ಎಂದು ಒತ್ತಿ ಹೇಳಿದೆ. ಹೀಗೆ ದಿನ ಎಣಿಸುವ ಬದಲು ಇಂಥ ತಾರೀಖಿಗೆ ಮುಗಿಸುತ್ತೇನೆ ಎಂದು ಬರೆದರೆ, ಮಾಲೀಕರು ಫೋಟೋ ತಡಮಾಡಿ ಕಳಿಸಿದರೂ ತಪ್ಪು ಇವರ ತಲೆಗೇ ಬರುತ್ತದೆ.

ಚೌಕಾಸಿಗೂ ಒಂದು ದಾರಿ ಹೇಳಿಕೊಟ್ಟೆ. ಸುಮ್ನೆ ರೇಟು ಇಳಿಸಬೇಡಿ, ಕೆಲಸ ಇಳಿಸಿ. ಸುತ್ತಮುತ್ತಲ ಜಾಗಗಳ ಪುಟ ಬಿಟ್ಟರೆ 8 ಗಂಟೆ ಉಳಿಯುತ್ತದೆ, ಆಗ 33,800. ಅದಕ್ಕೂ ಅವರ ಬಳಿ ದುಡ್ಡಿಲ್ಲ ಅಂದರೆ ಎಂಥ ಮೇಲ್ ಬರೆದರೂ ಕೆಲಸ ಸಿಗುವುದಿಲ್ಲ. ಅದನ್ನೂ ಆಕೆಗೆ ಮುಚ್ಚಿಡಲಿಲ್ಲ.

ಎರಡು ದಿನಕ್ಕೆ ಉತ್ತರ ಬಂತು: "ಬುಕಿಂಗ್ ವ್ಯವಸ್ಥೆನೂ ಸೇರಿಸ್ತೀರಾ?" ಮೊದಲಾಗಿದ್ದರೆ ಆಕೆ ಹೂಂ ಅಂದುಬಿಡುತ್ತಿದ್ದರು. ಈ ಸಲ "ಅದಕ್ಕೆ 18 ಗಂಟೆ, 11,700 ರೂ. ಬೇರೆ, ಒಂದು ವಾರ ಹೆಚ್ಚು" ಎಂದು ಬರೆದರು. ಮಾಲೀಕರು ಬುಕಿಂಗ್ ಸದ್ಯಕ್ಕೆ ಬೇಡ ಎಂದು 19,500 ಮುಂಗಡ ಹಾಕಿದರು.